ರಾಜೀನಾಮೆ ಮೇಲ್‌ನಲ್ಲಿ ಸಿಟ್ಟು ಎಲ್ಲಿ ಅಡಗಿರುತ್ತದೆ?

ಕೆಲಸ ಬಿಡುವ ಮೇಲ್‌ನಲ್ಲಿ ಯಾರೂ ಬೈದು ಬರೆಯುವುದಿಲ್ಲ. ಆದರೂ ಕೆಲವು ಮೇಲ್‌ಗಳು ಓದಿದವರಿಗೆ ಚುಚ್ಚುತ್ತವೆ. ಪುಣೆಯ ನಮ್ಮ ತಂಡದಲ್ಲಿದ್ದ ಹಾವೇರಿಯ ಹುಡುಗನೊಬ್ಬ ರಾಜೀನಾಮೆ ಕಳಿಸುವ ಮುನ್ನ, "ಅಣ್ಣಾ, ಒಂದ್ಸಲ ನೋಡ್ರಿ" ಎಂದು ಕರಡು ಕೊಟ್ಟಿದ್ದ. ಮ್ಯಾನೇಜರ್‌ಗೆ ಬರೆದ ಅದರಲ್ಲಿ ಹೀಗಿತ್ತು: "ಆಸ್ ಐ ಆಲ್ರೆಡಿ ಟೋಲ್ಡ್ ಯು, ಸೆಟಲ್‌ಮೆಂಟ್ ಜಾಬ್ ಸಮ್‌ಟೈಮ್ಸ್ ಫೇಲ್ಸ್."

ಅವನ ಮನಸ್ಸಿನಲ್ಲಿ ಇದ್ದದ್ದು "ಆಗಲೇ ಹೇಳಿದ್ದೆನಲ್ಲ" ಎಂಬ ಮಾತು. ಕನ್ನಡದಲ್ಲಿ ಆ "ಅಲ್ಲ" ಮಾತನ್ನು ಮೆದುಗೊಳಿಸುತ್ತದೆ. ಇಂಗ್ಲಿಷಿಗೆ ಹೋದಾಗ ಅದು ಉದುರಿ, "ನೀವೇ ಕೇಳಲಿಲ್ಲ" ಎಂಬ ಆರೋಪ ಉಳಿಯುತ್ತದೆ. ಆ ಅರ್ಧ ವಾಕ್ಯ ತೆಗೆಯಿರಿ ಎಂದೆ. ಜಾಬ್ ವಿಷಯವನ್ನೇ ಮೇಲ್‌ನಿಂದ ತೆಗೆದು, ಬೇರೆ ಹಸ್ತಾಂತರ ಟಿಪ್ಪಣಿಗೆ ಹಾಕಿಸಿದೆ. ರಾಜೀನಾಮೆ ಎಚ್‌ಆರ್ ಕಡತಕ್ಕೆ ಸೇರುವ ಪತ್ರ. ಅದರಲ್ಲಿ ನಿರ್ಧಾರ, ಕೊನೆಯ ದಿನ, ಒಂದು ಸಾಲಿನ ಧನ್ಯವಾದ ಇದ್ದರೆ ಸಾಕು.

ಕೊನೆಯ ದಿನಕ್ಕೆ ಅವನು "ನೋಟಿಸ್ ಅವಧಿ ಮುಗಿದ ಮೇಲೆ" ಎಂದಷ್ಟೇ ಬರೆದಿದ್ದ. ಜೂನ್ 2ಕ್ಕೆ ಕೊಟ್ಟ 60 ದಿನಗಳ ನೋಟಿಸ್, ಆ ದಿನವನ್ನೂ ಸೇರಿಸಿ ಎಣಿಸಿದರೆ ಜುಲೈ 31ಕ್ಕೆ ಮುಗಿಯುತ್ತದೆ. ಮರುದಿನದಿಂದ ಎಣಿಸಿದರೆ ಆಗಸ್ಟ್ 1ಕ್ಕೆ. ಹೊಸ ಕಂಪನಿ ಆಗಸ್ಟ್ 1ಕ್ಕೇ ಸೇರಲು ಹೇಳಿದ್ದರೆ ಆ ಒಂದು ದಿನವೇ ತಕರಾರು. ಆದ್ದರಿಂದ "ನನ್ನ ಲೆಕ್ಕದಲ್ಲಿ ಕೊನೆಯ ದಿನ ಜುಲೈ 31, ದಯವಿಟ್ಟು ಖಚಿತಪಡಿಸಿ" ಎಂದು ಬರೆಸಿದೆ.

ಟಿಪ್ಪಣಿಯಲ್ಲಿದ್ದದ್ದು ಒಂದೇ ಸಾಲು: "ಜಾಬ್ ದಿನಾ ಎರಡೂವರೆಗೆ ಓಡುತ್ತದೆ, ನಿಂತರೆ ಮತ್ತೆ ಓಡಿಸಿ." ಸರ್ವರ್‌ನಲ್ಲಿ ಇದ್ದದ್ದು ಇದು:

```
30 2 * * * /opt/billing/settle.sh
```

ಆ ಸರ್ವರ್‌ನ ಗಡಿಯಾರ ಯುಟಿಸಿ ಸಮಯದ್ದು. ಅಂದರೆ ನಮ್ಮಲ್ಲಿ ಬೆಳಿಗ್ಗೆ 8 ಗಂಟೆ. ಹೊಸಬ ರಾತ್ರಿ ಎರಡೂವರೆಗೆ ಎದ್ದು ಕಾದರೂ ಏನೂ ಕಾಣುತ್ತಿರಲಿಲ್ಲ. "ಮತ್ತೆ ಓಡಿಸಿ" ಎಂಬುದು ಇನ್ನೂ ಅಪಾಯ: ಅರ್ಧಕ್ಕೆ ನಿಂತ ಜಾಬ್ ಮತ್ತೆ ಓಡಿದರೆ ಅದೇ ಹಣ ಎರಡು ಸಲ ಪಾವತಿಯಾಗಬಹುದು. ಹಾಗಾಗಿ ಲಾಗ್ ಎಲ್ಲಿದೆ, ಅದರಲ್ಲಿ ಯಾವ ಸಾಲು ಕಂಡರೆ ಮಾತ್ರ ಮತ್ತೆ ಓಡಿಸಬೇಕು, ಇಲ್ಲದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಸೇರಿಸಿದ.

ಇನ್ನೊಂದು ವಿಷಯ ಅವನಿಗೇ ಹೊಳೆಯಿತು. ಆ ಸ್ಕ್ರಿಪ್ಟ್ ಬಳಸುತ್ತಿದ್ದ ಟೋಕನ್ ಅವನ ಸ್ವಂತ ಖಾತೆಯದು. ಅವನ ಖಾತೆ ಮುಚ್ಚಿದ ದಿನವೇ ಜಾಬ್ ನಿಲ್ಲುತ್ತಿತ್ತು. ತಂಡದ ಖಾತೆಗೆ ಬದಲಿಸಿದ. ಪಾಸ್‌ವರ್ಡ್ ಮಾತ್ರ ಟಿಪ್ಪಣಿಯಲ್ಲಿ ಬರೆಯಲಿಲ್ಲ, ಅದು ಎಲ್ಲಿ ಸಿಗುತ್ತದೆ ಎಂದಷ್ಟೇ ಬರೆದ.

ಟಿಪ್ಪಣಿ ಸರಿಯಿದೆಯೇ ಎಂದು ಬರೆದವನಿಗೆ ಗೊತ್ತಾಗುವುದಿಲ್ಲ. ಜುಲೈ ಎರಡನೇ ವಾರ ಹೊಸಬ ಅದನ್ನು ನೋಡಿಕೊಂಡು ಟೆಸ್ಟ್ ಸರ್ವರ್‌ನಲ್ಲಿ ಜಾಬ್ ಓಡಿಸಿದ. ಇವನು ಪಕ್ಕದಲ್ಲಿ ಬಾಯಿಬಿಡದೆ ಕೂತ. ಹೊಸಬ ಕೇಳಿದ ಮೂರು ಪ್ರಶ್ನೆಗಳ ಉತ್ತರ ಅಂದು ಸಂಜೆಯೇ ಟಿಪ್ಪಣಿ ಸೇರಿತು.