ದರ ಇಳಿಸುವುದೋ, ಕೆಲಸ ಇಳಿಸುವುದೋ

ಮದುವೆಗೆ ಇನ್ನು ಮೂರು ವಾರ. ಮೈಸೂರಿನ ಫೋಟೊಗ್ರಾಫರ್ ಒಬ್ಬರಿಗೆ ಹೆಣ್ಣಿನ ತಂದೆಯ ಫೋನು ಬರುತ್ತದೆ ಎಂದುಕೊಳ್ಳಿ. ‘ಛತ್ರದ ಬಾಡಿಗೆನೇ ಜಾಸ್ತಿ ಆಗೋಯ್ತು ಸಾರ್. ಒಂದು ಲಕ್ಷದಲ್ಲಿ ಮುಗಿಸ್ಕೊಡಿ.’ ಒಪ್ಪಂದವಾಗಿದ್ದದ್ದು 1,30,000 ರೂಪಾಯಿಗೆ.

ಮುಹೂರ್ತ ಹತ್ತಿರ ಬಂದಿರುವಾಗ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ‘ಆಯ್ತು ಬಿಡಿ ಸಾರ್’ ಎಂದು ಒಪ್ಪಿಕೊಳ್ಳುವವರೇ ಹೆಚ್ಚು. ಆ ಒಂದು ಮಾತಿನ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಒಪ್ಪಂದದ ಒಳಗಿನ ಲೆಕ್ಕ ನೋಡಬೇಕು.

ಹಿಂದಿನ ಸಂಜೆಯ ಆರತಕ್ಷತೆ, ಮಾರನೆಯ ಬೆಳಗಿನ ಧಾರೆ, ಎರಡಕ್ಕೂ ಸೇರಿ ಅವರ ಸ್ವಂತ ಕ್ಯಾಮೆರಾ ಕೆಲಸಕ್ಕೆ 20,000. ಕ್ಯಾಂಡಿಡ್ ಚಿತ್ರ ತೆಗೆಯುವವರಿಗೆ 30,000, ವಿಡಿಯೊದವರಿಗೆ 20,000, ಡ್ರೋನಿಗೆ 10,000. ಇಪ್ಪತ್ತೈದು ನಿಮಿಷದ ವಿಡಿಯೊ ಎಡಿಟಿಂಗಿಗೆ 20,000. ಎರಡೂ ಕಡೆಯವರಿಗೆ ಒಂದೊಂದು ಆಲ್ಬಂ, ತಲಾ 15,000. ಇದರಲ್ಲಿ ಕ್ಯಾಂಡಿಡ್, ವಿಡಿಯೊ, ಡ್ರೋನಿನ 60,000 ಹಾಗೆಯೇ ಬೇರೆಯವರ ಕೈಗೆ ಹೋಗುತ್ತದೆ. ಆಲ್ಬಂ ಮುದ್ರಿಸುವ ಲ್ಯಾಬಿಗೆ 20,000, ಎಡಿಟರ್‌ಗೆ 12,000, ಓಡಾಟಕ್ಕೆ 6,000. ಅಲ್ಲಿಗೆ ಖರ್ಚು 98,000 ಆಯಿತು. ಎರಡು ದಿನದ ದುಡಿಮೆಗೆ, ಆಮೇಲೆ ಸಾವಿರಾರು ಚಿತ್ರಗಳನ್ನು ಆರಿಸುವ ವಾರಗಳಿಗೆ ಉಳಿಯುವುದು 32,000.

ಬೆಲೆಯನ್ನು ಒಂದು ಲಕ್ಷಕ್ಕೆ ಇಳಿಸಿದರೆ ಲ್ಯಾಬಿನವರಾಗಲಿ ಡ್ರೋನಿನವರಾಗಲಿ ತಮ್ಮ ದರ ಇಳಿಸುವುದಿಲ್ಲ. ಗ್ರಾಹಕರ ಕಣ್ಣಿಗೆ ಅದು ಕಾಲು ಭಾಗಕ್ಕಿಂತ ಕಡಿಮೆ ರಿಯಾಯಿತಿ. ಫೋಟೊಗ್ರಾಫರ್‌ಗೆ ಮಾತ್ರ ಉಳಿಯುವುದು 2,000 ರೂಪಾಯಿ.

ದುಡ್ಡಿನ ಜೊತೆಗೆ ಇನ್ನೊಂದು ನಷ್ಟವೂ ಇದೆ. ಅದೇ ಕೆಲಸಕ್ಕೆ 30,000 ಬಿಟ್ಟುಕೊಟ್ಟವರು ಮೊದಲು ಹೇಳಿದ ಬೆಲೆಯಲ್ಲಿ ಅಷ್ಟು ಹೆಚ್ಚುವರಿಯಾಗಿಯೇ ಸೇರಿಸಿದ್ದರು ಎಂದು ಮನೆಯವರಿಗೆ ಅನಿಸುತ್ತದೆ. ಅದೇ ಬಳಗದ ಮುಂದಿನ ಮದುವೆಯ ಮಾತು ಒಂದು ಲಕ್ಷದಿಂದಲೇ ಶುರುವಾಗುತ್ತದೆ.

ಅನುಭವಸ್ಥರು ಬೇರೆ ದಾರಿ ಹಿಡಿಯುತ್ತಾರೆ. ‘ಆಗಲಿ ಸಾರ್, ಒಂದು ಲಕ್ಷದೊಳಗೇ ಮಾಡೋಣ. ಏನು ಬೇಕೇ ಬೇಕು, ಏನು ಬಿಡಬಹುದು ಅಂತ ಒಂದ್ಸಲ ಕೂತು ನೋಡೋಣ.’ ಸಾಫ್ಟ್‌ವೇರ್ ಲೋಕದಲ್ಲಿ ಇದಕ್ಕೆ ಕ್ರಮಬದ್ಧ ರೂಪವೇ ಇದೆ. 1994ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಡಿಎಸ್‌ಡಿಎಂ ಪದ್ಧತಿಯಲ್ಲಿ ಹಣ, ಗಡುವು, ಗುಣಮಟ್ಟ ಕದಲುವುದಿಲ್ಲ. ಕೆಲಸದ ಅಂಶಗಳನ್ನು ಮಾತ್ರ ಬೇಕೇ ಬೇಕಾದವು, ಇರಬೇಕಾದವು, ಇದ್ದರೆ ಒಳ್ಳೆಯದು, ಈ ಸಲ ಬೇಡ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ.

ಮದುವೆ ಮನೆಯ ಪಟ್ಟಿಯೂ ಹೀಗೆಯೇ ವಿಂಗಡವಾಗುತ್ತದೆ. ಡ್ರೋನ್ ಬಿಟ್ಟರೆ 10,000 ಇಳಿಯಿತು. ಎರಡನೆಯ ಆಲ್ಬಂ ಬಿಟ್ಟರೆ 15,000. ಇಪ್ಪತ್ತೈದು ನಿಮಿಷದ ವಿಡಿಯೊ ಐದು ನಿಮಿಷದ್ದಾದರೆ 5,000. ಒಟ್ಟು 30,000. ಖರ್ಚಿನಲ್ಲಿ ಡ್ರೋನಿನ 10,000, ಲ್ಯಾಬಿನ 10,000, ಎಡಿಟರ್‌ನ 3,000 ತಗ್ಗಿ 75,000ಕ್ಕೆ ಬರುತ್ತದೆ. ಫೋಟೊಗ್ರಾಫರ್ ಕೈಯಲ್ಲಿ 25,000 ನಿಲ್ಲುತ್ತದೆ. ಅವರ ಪಾಲು ತುಸು ತಗ್ಗಿತು, ಕೆಲಸವೂ ತಗ್ಗಿತು.

ಯಾವುದನ್ನು ತೆಗೆಯುತ್ತೇವೆ ಎಂಬುದರಲ್ಲೇ ಕಸುಬಿನ ತಿಳಿವಳಿಕೆ ಇರುವುದು. ಆಲ್ಬಮ್ಮನ್ನು ಆರು ತಿಂಗಳು ಬಿಟ್ಟೂ ಮಾಡಿಸಬಹುದು, ಧಾರೆಯನ್ನು ಇನ್ನೊಮ್ಮೆ ಎರೆಸಲಾಗದು. ಒಬ್ಬರ ಕ್ಯಾಮೆರಾ ವಧೂವರರ ಕೈ ಮೇಲಿರುವಾಗ ತಾಯಿಯ ಕಣ್ಣೀರು ಹಿಡಿಯಲು ಇನ್ನೊಬ್ಬರು ಬೇಕು. ಆದ್ದರಿಂದ ಕ್ಯಾಂಡಿಡ್‌ನವರನ್ನು ಕೈಬಿಡುವುದು ಕೊನೆಯ ಮಾತು. ಚಿತ್ರಗಳನ್ನು ಒಟ್ಟಿಗೇ ಎರಡು ಕಾರ್ಡಿಗೆ ಬರೆಯುವುದು, ಎರಡು ಹಾರ್ಡ್ ಡಿಸ್ಕಿನಲ್ಲಿ ಇಡುವುದು ಪಟ್ಟಿಯ ಚರ್ಚೆಗೇ ಬರುವುದಿಲ್ಲ. ಅಂಥದ್ದನ್ನು ಕದ್ದು ಉಳಿಸಿದರೆ ಯಾರಿಗೂ ಕಾಣದು, ಒಂದು ಕಾರ್ಡು ಕೆಟ್ಟ ದಿನ ಇಡೀ ಮದುವೆಯೇ ಹೋಗುತ್ತದೆ.

ಒಪ್ಪಿದ್ದನ್ನು ಅಂದೇ ಬರೆದು ಕಳಿಸಬೇಕು. ಹೊಸ ಕೊಟೇಶನ್ನಿನಲ್ಲಿ ಇರುವುದರಷ್ಟೇ ಸ್ಪಷ್ಟವಾಗಿ ಇಲ್ಲದ್ದೂ ಕಾಣಬೇಕು: ‘ಡ್ರೋನ್ ಇರುವುದಿಲ್ಲ. ಎರಡನೆಯ ಆಲ್ಬಂ ಬೇಕಾದರೆ ಆರು ತಿಂಗಳೊಳಗೆ 15,000.’ ಈ ಸಾಲುಗಳಿಲ್ಲದಿದ್ದರೆ, ಮಾತುಕತೆಯಲ್ಲಿ ಇರದ ಸೋದರಮಾವ ಮಂಟಪದ ಬಳಿ ಬಂದು ‘ಡ್ರೋನ್ ಎಲ್ಲಿ?’ ಎನ್ನುತ್ತಾರೆ. ಆಗ ಬಿಟ್ಟ ಕೆಲಸವೆಲ್ಲ ಒಂದೊಂದಾಗಿ ಹಳೆಯ ಹಣಕ್ಕೇ ಹಿಂದಿರುಗುತ್ತದೆ.

ಈ ದಾರಿ ಎಲ್ಲ ಕಡೆಯೂ ನಡೆಯುವುದಿಲ್ಲ. ಮೊದಲ ಕೊಟೇಶನ್ನಿನಲ್ಲಿ ಒಂದೇ ಮೊತ್ತ ಬರೆದಿದ್ದರೆ ತೆಗೆದುಹಾಕಲು ಸಾಲುಗಳೇ ಇರುವುದಿಲ್ಲ. ಅದೇ ಕೆಲಸವನ್ನು ಇನ್ನೊಬ್ಬರು ನಿಜವಾಗಿಯೂ ಕಡಿಮೆಗೆ ಮಾಡುತ್ತಿದ್ದರೆ ಪ್ರಶ್ನೆ ದರದ್ದೇ, ಅದಕ್ಕೆ ಪಟ್ಟಿ ಕತ್ತರಿಸುವುದು ಉತ್ತರವಲ್ಲ. ಎದುರಿನವರ ಕಷ್ಟ ಯಾವ ಬಗೆಯದು ಎಂಬುದು ಸಾಮಾನ್ಯವಾಗಿ ಪಟ್ಟಿ ಮುಂದಿಟ್ಟಾಗ ತಿಳಿಯುತ್ತದೆ. ದುಡ್ಡು ನಿಜಕ್ಕೂ ಕಡಿಮೆಯಾದವರು ಮನೆಯವರನ್ನು ಕರೆದು, ಆಲ್ಬಮ್ಮೋ ಡ್ರೋನೋ ಎಂದು ಕೇಳುತ್ತಾರೆ. ‘ಎಲ್ಲಾ ಇರ್ಲಿ, ರೇಟ್ ಮಾತ್ರ ಕಮ್ಮಿ ಮಾಡಿ’ ಎನ್ನುವವರ ಮುಂದೆ ಫೋಟೊಗ್ರಾಫರ್ ಎರಡೂ ಕೊಟೇಶನ್ ಇಟ್ಟು, ಮುಂಗಡ ಪಡೆಯುವ ಮೊದಲು ಯಾವುದಕ್ಕೆ ಒಪ್ಪಿಗೆ ಎಂದು ಕೇಳಿ ಬರೆಸಿಕೊಳ್ಳುತ್ತಾರೆ.