ವಿದ್ಯುತ್ ಸಂಪರ್ಕವಿಲ್ಲದ ತೋಟದ ಮನೆಗೆ ಸೌರ ಬ್ಯಾಟರಿ: ಸಾಮರ್ಥ್ಯ ನಿರ್ಧರಿಸುವ ಕ್ರಮ

ಬ್ಯಾಟರಿಯ ಮೇಲೆ ಮುದ್ರಿತವಾಗಿರುವ ಸಾಮರ್ಥ್ಯವೆಲ್ಲವೂ ಬಳಕೆಗೆ ದೊರೆಯುವುದಿಲ್ಲ. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಇದೆಯೆಂದು ಲೆಕ್ಕ ಹಾಕಿದರೂ, ಅದರ ಆಯುಷ್ಯ ಉಳಿಯಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಆದ್ದರಿಂದ ಬ್ಯಾಟರಿ ಕೊಳ್ಳುವ ಮೊದಲು ಕೆಳಗಿನ ಕ್ರಮದಲ್ಲಿ ಲೆಕ್ಕ ಮಾಡುವುದು ಸೂಕ್ತ. ಮಲೆನಾಡಿನ ಒಂದು ತೋಟದ ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

1. ದಿನದ ಬಳಕೆ

ಪ್ರತಿ ಉಪಕರಣದ ವ್ಯಾಟ್ ಅನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಬೇಕು.

- 9 ವ್ಯಾಟಿನ 5 ಎಲ್‌ಇಡಿ ಬಲ್ಬು, 5 ಗಂಟೆ: 225
- 30 ವ್ಯಾಟಿನ 2 ಬಿಎಲ್‌ಡಿಸಿ ಫ್ಯಾನು, 8 ಗಂಟೆ: 480
- 60 ವ್ಯಾಟಿನ ಟಿ.ವಿ., 3 ಗಂಟೆ: 180
- 500 ವ್ಯಾಟಿನ ಮಿಕ್ಸಿ, ಕಾಲು ಗಂಟೆ: 125
- ಮೊಬೈಲ್ ಚಾರ್ಜಿಂಗ್: 90

ಒಟ್ಟು 1100 ವ್ಯಾಟ್-ಗಂಟೆ. ಇನ್ವರ್ಟರಿನಲ್ಲಿ ಸುಮಾರು ಶೇ. 15ರಷ್ಟು ನಷ್ಟವಾಗುವುದರಿಂದ ಇದನ್ನು 0.85ರಿಂದ ಭಾಗಿಸಿದಾಗ ಸುಮಾರು 1300 ಬರುತ್ತದೆ. ನೀರಾವರಿ ಪಂಪನ್ನು ಇದಕ್ಕೆ ಸೇರಿಸಬಾರದು. 1 ಅಶ್ವಶಕ್ತಿಯ ಪಂಪು ಒಂದೇ ಗಂಟೆಯಲ್ಲಿ ಹೆಚ್ಚುಕಡಿಮೆ ಇಡೀ ಮನೆಯ ಒಂದು ದಿನದ ವಿದ್ಯುತ್ತನ್ನು ಬಳಸಿಬಿಡುತ್ತದೆ.

2. ಬಿಸಿಲಿಲ್ಲದ ದಿನಗಳು

ಎರಡು ದಿನ ಬಿಸಿಲಿಲ್ಲದಿದ್ದರೂ ಮನೆ ನಡೆಯಬೇಕೆಂದರೆ 1300 × 2 = 2600 ವ್ಯಾಟ್-ಗಂಟೆ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಮೋಡ ವಾರಗಟ್ಟಲೆ ಕವಿದಿರುತ್ತದೆ. ಅಷ್ಟೂ ದಿನಗಳಿಗೆ ಬ್ಯಾಟರಿ ಇರಿಸುವುದು ದುಬಾರಿ. ಆ ಅವಧಿಯಲ್ಲಿ ಟಿ.ವಿ., ಫ್ಯಾನುಗಳನ್ನು ನಿಲ್ಲಿಸಿ ದೀಪಗಳಿಗಷ್ಟೇ ಬಳಸುವುದು ಮಿತವ್ಯಯದ ಮಾರ್ಗ.

3. ಬರಿದು ಮಾಡುವ ಮಿತಿ

ಟ್ಯೂಬುಲರ್ ಸೀಸ-ಆಮ್ಲ ಬ್ಯಾಟರಿಗೆ ಶೇ. 50ರ ಮಿತಿ ಸುರಕ್ಷಿತ. 2600 ÷ 0.5 = 5200 ವ್ಯಾಟ್-ಗಂಟೆ. 24 ವೋಲ್ಟಿನ ವ್ಯವಸ್ಥೆಯಲ್ಲಿ ಇದು ಸುಮಾರು 217 ಆಂಪಿಯರ್-ಗಂಟೆಯಾಗುತ್ತದೆ. 12 ವೋಲ್ಟ್, 220 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ ಸಾಕು. ಸರಣಿಯಲ್ಲಿ ವೋಲ್ಟ್ ಮಾತ್ರ ಕೂಡುತ್ತದೆ, ಆಂಪಿಯರ್-ಗಂಟೆ ಕೂಡುವುದಿಲ್ಲ ಎಂಬುದನ್ನು ಗಮನಿಸಬೇಕು. ಲಿಥಿಯಂ ಫಾಸ್ಫೇಟ್ ಬ್ಯಾಟರಿಯನ್ನು ಶೇ. 80ರವರೆಗೆ ಬಳಸಬಹುದಾದ್ದರಿಂದ 3250 ವ್ಯಾಟ್-ಗಂಟೆ ಸಾಕಾಗುತ್ತದೆ.

ಗಮನಿಸಬೇಕಾದ ಅಂಶಗಳು

ಬ್ಯಾಟರಿ ದೊಡ್ಡದಾಗಿ ಫಲಕ ಚಿಕ್ಕದಾದರೆ ಅದು ಎಂದಿಗೂ ಪೂರ್ಣ ತುಂಬುವುದಿಲ್ಲ. ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಸಾಮರ್ಥ್ಯ ಕುಗ್ಗುತ್ತದೆ. ಸೀಸ-ಆಮ್ಲ ಬ್ಯಾಟರಿಗೆ ಅದರ ಆಂಪಿಯರ್-ಗಂಟೆಯ ಹತ್ತನೇ ಒಂದರಷ್ಟು, ಅಂದರೆ ಇಲ್ಲಿ 22 ಆಂಪಿಯರ್ ಚಾರ್ಜಿಂಗ್ ಬೇಕು. ಅದಕ್ಕೆ ಸುಮಾರು 600 ವ್ಯಾಟಿನ ಸೌರ ಫಲಕ ಅಗತ್ಯ.

ಮಿತಿ ಮೀರಿದೆಯೇ ಎಂದು ತಿಳಿಯಲು ಫಲಕ ಹಾಗೂ ಉಪಕರಣಗಳ ಸಂಪರ್ಕ ತಪ್ಪಿಸಿ, ಕೆಲವು ಗಂಟೆಗಳ ನಂತರ ಪ್ರತಿ ಬ್ಯಾಟರಿಯ ವೋಲ್ಟ್ ಅಳೆಯಬೇಕು. ಸುಮಾರು 12.2 ವೋಲ್ಟ್ ಇದ್ದರೆ ಅರ್ಧ ಖಾಲಿಯಾಗಿದೆ ಎಂದರ್ಥ. ಬೆಳಗಿನ ಹೊತ್ತು ಪದೇ ಪದೇ ಅದಕ್ಕಿಂತ ಕಡಿಮೆ ಬರುತ್ತಿದ್ದರೆ ಬಳಕೆಯನ್ನು ತಗ್ಗಿಸಬೇಕು. ಸಾಮರ್ಥ್ಯ ಹೆಚ್ಚಿಸಲು ಹಳೆಯ ಬ್ಯಾಟರಿಯ ಜೊತೆ ಹೊಸದನ್ನು ಜೋಡಿಸಬಾರದು. ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ.