ಗಡಿಯಾರದ ಟಿಕ್ ಟಿಕ್ ಲೆಕ್ಕ

ತೋರಣಗಲ್ಲಿನ ವಿದ್ಯಾರ್ಥಿಯೊಬ್ಬನ ಕೈಗೆ ಅಜ್ಜನ ಎಚ್‌ಎಂಟಿ ಜನತಾ ಕೈಗಡಿಯಾರ ಬಂದಿದೆ ಎನ್ನಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಸಂಸ್ಥೆಯದು. ಕೀಲಿ ಕೊಟ್ಟರೆ ಇಂದಿಗೂ ಓಡುತ್ತದೆ. ಆದರೆ ಸರಿಯಾಗಿ ಓಡುತ್ತಿದೆಯೇ?

ಜನತಾ ಸೆಕೆಂಡಿಗೆ ಐದು ಸಲ, ಅಂದರೆ ಗಂಟೆಗೆ 18,000 ಸಲ ಟಿಕ್ ಎನ್ನುತ್ತದೆ. ಮೊಬೈಲಿನ ಆ್ಯಪ್ ಈ ಸದ್ದನ್ನು ಮೈಕಿನಿಂದ ಆಲಿಸಿ, ಟಿಕ್‌ಗಳ ನಡುವಿನ ಅಂತರವನ್ನು ಅಳೆದು, ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಎಂದು ಲೆಕ್ಕ ಹಾಕುತ್ತದೆ. ಪೂರ್ತಿ ಕೀಲಿ ಕೊಟ್ಟು, ಫ್ಯಾನ್ ಆರಿಸಿ, ಗಡಿಯಾರವನ್ನು ಮೈಕಿಗೆ ತಾಗಿಸಿಡಬೇಕು.

ಮುಖ ಮೇಲಾಗಿ ಮಲಗಿಸಿದಾಗ +18, ಅಂಚಿನ ಮೇಲೆ ನಿಲ್ಲಿಸಿದಾಗ −6 ಬಂತೆನ್ನೋಣ. ಇದು ಆ್ಯಪ್‌ನ ತಪ್ಪಲ್ಲ. ಒಳಗೆ ಅತ್ತಿತ್ತ ಹೊರಳುವ ಚಕ್ರದ ಮೇಲೆ ಗುರುತ್ವ ಹಾಗೂ ಘರ್ಷಣೆಯ ಪರಿಣಾಮ ಭಂಗಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಅರ್ಧ ನಿಮಿಷದ ಆ ಅಂಕಿಯೇ ಇಡೀ ದಿನದ ಲೆಕ್ಕವಲ್ಲ. ಬೆಳಿಗ್ಗೆ 7ಕ್ಕೆ ಮೊಬೈಲಿನ ಸಮಯದೊಂದಿಗೆ ಹೋಲಿಸಿ ವ್ಯತ್ಯಾಸ ಬರೆದಿಟ್ಟು, ಮರುದಿನ 7ಕ್ಕೆ ಮತ್ತೆ ನೋಡಬೇಕು. ಮೊದಲು 3 ಸೆಕೆಂಡು ಮುಂದಿದ್ದದ್ದು 15 ಆಗಿದ್ದರೆ, ದಿನದ ದೋಷ 12 ಸೆಕೆಂಡು. ದಿನದ 86,400 ಸೆಕೆಂಡುಗಳಲ್ಲಿ ಅದು ಶೇ. 0.014 ಮಾತ್ರ!

ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪ್ರಮಾಣಪತ್ರಕ್ಕೆ 15 ದಿನ, ಐದು ಭಂಗಿ, ಮೂರು ಉಷ್ಣತೆಗಳಲ್ಲಿ ಪರೀಕ್ಷೆ ನಡೆಯುತ್ತದೆ. ಸರಾಸರಿ ದೋಷ ದಿನಕ್ಕೆ −4ರಿಂದ +6 ಸೆಕೆಂಡಿನೊಳಗೆ ಇರಬೇಕು. ಹಳೆಯ ಜನತಾಗೆ 20-30 ಸೆಕೆಂಡು ಸಹಜವೇ. ಒಮ್ಮೆಗೇ ನಿಮಿಷಗಟ್ಟಲೆ ಮುಂದೋಡತೊಡಗಿದರೆ ಮಾತ್ರ, ಕಾಂತತ್ವ ತಗುಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿರಬಹುದು. ಆಗ ರಿಪೇರಿಯವರಿಗೆ ತೋರಿಸುವುದೇ ಸರಿ.